ಗೇಟಿನ ಮುಂದಿನಿಂದ ಟ್ಯಾಂಕಿನ ಹಿಂದಕ್ಕೆ: ಬೀದಿನಾಯಿಗಳ ಊಟದ ಜಾಗ ಬದಲಾಯಿಸಿದ ನನ್ನ ಅನುಭವ

ಒಂದು ಗೇಟಿಗೆ ಅಂಟಿಕೊಂಡ ನಾಯಿಗಳು ಅಲ್ಲಿಂದ ಏಳುವುದಿಲ್ಲ ಎಂದು ಹೇಳಿದವರು ಒಬ್ಬಿಬ್ಬರಲ್ಲ. ನಮ್ಮ ಅಸೋಸಿಯೇಷನ್‌ನವರು ಹೇಳಿದರು. ಪಕ್ಕದ ಬಡಾವಣೆಯಲ್ಲಿ ವರ್ಷಗಳಿಂದ ಊಟ ಹಾಕುತ್ತಿರುವವರೂ ಅದನ್ನೇ ಹೇಳಿದರು. ಈಗ ನಮ್ಮ ಹನ್ನೊಂದು ನಾಯಿಗಳಲ್ಲಿ ಒಂದೂ ಯಾರ ಗೇಟಿನ ಮುಂದೆಯೂ ಊಟಕ್ಕೆ ಕಾಯುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಏನು ಹಾಕಬೇಕು, ಎಷ್ಟು ಹಾಕಬೇಕು ಎನ್ನುವುದು ನಿಮಗೆಲ್ಲ ಗೊತ್ತಿರುವುದೇ. ಎಲ್ಲಿ, ಯಾವಾಗ ಹಾಕಬೇಕು ಅನ್ನೋದರಲ್ಲೇ ಜಗಳ ಇರುವುದು.

ಮೊದಲು ಅಸೋಸಿಯೇಷನ್‌ ವಾಟ್ಸಾಪ್ ಗುಂಪಿನಲ್ಲಿ ಬಂದಿದ್ದ ಹಳೆಯ ದೂರುಗಳನ್ನೆಲ್ಲ ಕೂತು ಓದಿದೆ. ಸುತ್ತಿ ಬಳಸಿ ನಾಲ್ಕೇ ದೂರು. ಸ್ಕೂಟರ್ ಹಿಂದೆ ಓಡುತ್ತವೆ, ರಾತ್ರಿ ಬೊಗಳುತ್ತವೆ, ಗೇಟಿನ ಮುಂದೆ ಹೇಲುತ್ತವೆ, ಗಾಡಿ ಸೀಟು ಹರಿಯುತ್ತವೆ. ಇವುಗಳಲ್ಲಿ ಒಂದೂ ನಾಯಿ ತಿನ್ನುವ ಹೊತ್ತಿನಲ್ಲಿ ಆಗುವಂಥದ್ದಲ್ಲ. ತಿನ್ನುವುದಕ್ಕೆ ಹತ್ತು ನಿಮಿಷ ಸಾಕು. ತೊಂದರೆ ಆಗುವುದು ಅದಕ್ಕೆ ಮುಂಚಿನ ಒಂದು ಗಂಟೆಯಲ್ಲಿ, ಆಮೇಲಿನ ಅರ್ಧ ಗಂಟೆಯಲ್ಲಿ.

ಊಟ ಬರುವ ಹೊತ್ತು ನಾಯಿಗೆ ಗೊತ್ತು. ಮುಂಚೆಯೇ ಬಂದು ಮಲಗುತ್ತದೆ. ದಿನಾ ಅಲ್ಲೇ ಮಲಗಿದರೆ ಆ ಜಾಗ ಅದರದ್ದಾಗುತ್ತದೆ. ಆಮೇಲೆ ಆ ಕಡೆ ಬರುವ ಪಾರ್ಸೆಲ್ ಹುಡುಗ, ನೆಂಟರು, ಬೇರೆ ಕ್ರಾಸಿನ ನಾಯಿ ಎಲ್ಲರೂ ಕಳ್ಳರೇ. ಊಟ ಆದ ಕಾಲು ಗಂಟೆಯಿಂದ ಅರ್ಧ ಗಂಟೆಯೊಳಗೆ ಹೆಚ್ಚಿನ ನಾಯಿಗಳು ಹೊಟ್ಟೆ ಖಾಲಿ ಮಾಡುತ್ತವೆ, ಅದೂ ಊಟದ ಜಾಗದಿಂದ ಸ್ವಲ್ಪವೇ ದೂರದಲ್ಲಿ. ಅಂದರೆ ಊಟದ ಜಾಗ ಆರಿಸುವಾಗ ಕಾಯುವ ಜಾಗವನ್ನೂ ಕಕ್ಕಸಿನ ಜಾಗವನ್ನೂ ಸೇರಿಸಿಯೇ ಆರಿಸಿದ ಹಾಗೆ. ಇದು ತಲೆಗೆ ಹೋದ ಮೇಲೆ ನನ್ನ ಕೆಲಸ ಅರ್ಧ ಸುಲಭವಾಯಿತು.

ಹುಡುಕಿದ ಜಾಗ ನೀರಿನ ಟ್ಯಾಂಕಿನ ಹಿಂದಿನ ಗೋಡೆ ಬದಿ. ಅಲ್ಲಿ ಮನೆ ಬಾಗಿಲಿಲ್ಲ, ಮಕ್ಕಳು ಆಡುವುದಿಲ್ಲ, ಪಕ್ಕದಲ್ಲೇ ಪೊದೆ ಬೆಳೆದ ಖಾಲಿ ಸೈಟು. ಸೈಟಿನ ಮಾಲೀಕರಿಗೆ ಫೋನ್ ಮಾಡಿ ಒಪ್ಪಿಗೆ ಕೇಳಿದೆ. ತಿಂಗಳಿಗೊಮ್ಮೆ ಕಸ ತೆಗೆಸಿಕೊಡಿ ಎಂದರು, ಅಷ್ಟೇ.

ಮೊದಲು ಒಂದೇ ದಿನಕ್ಕೆ ಜಾಗ ಬದಲಾಯಿಸಲು ನೋಡಿದೆ. ಕೆಲಸ ಆಗಲಿಲ್ಲ. ಎರಡು ನಾಯಿ ಹಿಂದೆ ಬಂದವು, ಉಳಿದವು ಹಳೆಯ ಗೇಟಿನ ಮುಂದೆಯೇ ಕೂತು ಬೊಗಳಿದವು. ಹಸಿದಿವೆ ಪಾಪ ಎಂದು ಯಾರೋ ಬಿಸ್ಕತ್ತು ಹಾಕಿದರು. ಅಲ್ಲಿಗೆ ಮುಗಿಯಿತು. ಕೂತರೆ ಬಿಸ್ಕತ್ತು ಸಿಗುತ್ತದೆ ಎನ್ನುವ ಪಾಠ ಒಂದೇ ರಾತ್ರಿಯಲ್ಲಿ ಕಲಿತುಬಿಟ್ಟವು.

ಆಮೇಲೆ ಹಿಡಿದದ್ದು ನಿಧಾನದ ದಾರಿ. ಬಟ್ಟಲುಗಳನ್ನು ಮೂರ್ನಾಲ್ಕು ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ಹೆಜ್ಜೆ ಮಾತ್ರ ಸರಿಸುತ್ತಾ ಹೋದೆ. ಹೊತ್ತು ಅದೇ, ಬಟ್ಟಲು ಅದೇ, ಸೀಟಿ ಅದೇ. ಜಾಗ ಮಾತ್ರ ಜಾರುತ್ತಾ ಹೋಯಿತು. ಸರಿಸಿದ ಮರುದಿನ ನಾಯಿಗಳು ಎಲ್ಲಿ ಕಾಯುತ್ತಿವೆ ನೋಡಿ. ಹಿಂದಿನ ಜಾಗದಲ್ಲೇ ಇದ್ದರೆ ಇನ್ನೂ ಸರಿಸಬೇಡಿ. ಹೊಸ ಜಾಗದಲ್ಲಿ ಮಲಗಿದ್ದರೆ ಮುಂದಕ್ಕೆ ಹೋಗಬಹುದು. ನನಗೆ ಒಂದೂವರೆ ತಿಂಗಳ ಮೇಲೆಯೇ ಹಿಡಿಯಿತು. ಮಳೆ ಬಂದ ವಾರ ಮುಂದೆ ಸರಿಯಲೇ ಇಲ್ಲ.

ನಡುವೆ ಒಂದು ಕಡೆ ಕೆಲಸ ನಿಂತುಹೋಯಿತು. ಮೂರನೇ ಕ್ರಾಸಿನ ತಿರುವಿಗೆ ಬಂದಾಗ ನಾಲ್ಕು ನಾಯಿ ಬಾಲ ಇಳಿಸಿ ಅಲ್ಲೇ ನಿಂತವು. ಸೀಟಿ ಹಾಕಿದರೂ ಒಂದು ಹೆಜ್ಜೆ ಮುಂದಿಡಲಿಲ್ಲ. ಅದು ಇನ್ನೊಂದು ಗುಂಪಿನ ಗಡಿ. ಅನ್ನದ ಆಸೆ ತೋರಿಸಿ ದಾಟಿಸಿದ ರಾತ್ರಿ ದೊಡ್ಡ ಕಾಳಗವೇ ಆಯಿತು. ಒಂದರ ಕಿವಿ ಹರಿಯಿತು, ಹೊಲಿಗೆ, ಇಂಜೆಕ್ಷನ್ ಎಂದು ಸಾವಿರದ ಎಂಟುನೂರರ ಹತ್ತಿರ ಖರ್ಚು. ಆ ನಾಲ್ಕಕ್ಕೆ ಗಡಿಯ ಈಚೆಗೆ, ಮೋರಿ ಪಕ್ಕ ಬೇರೆ ಜಾಗ ಮಾಡಿದೆ. ಒಂದು ಬಡಾವಣೆಗೆ ಒಂದೇ ಜಾಗ ಎಂದು ಅಸೋಸಿಯೇಷನ್ ಹಠ ಹಿಡಿದರೆ ಒಪ್ಪಬೇಡಿ. ಎಷ್ಟು ಗುಂಪೋ ಅಷ್ಟು ಜಾಗ ಬೇಕು.

ಸ್ಕೂಟರ್ ವಿಷಯಕ್ಕೆ ಬರುತ್ತೇನೆ. ಗಾಡಿಗಳನ್ನು ಅಟ್ಟಿಸಿಕೊಂಡು ಹೋಗುತ್ತಿದ್ದದ್ದು ಮುಖ್ಯವಾಗಿ ಕೆಂಚಿ ಎನ್ನುವ ಹೆಣ್ಣು ನಾಯಿ. ಬೇರೆ ಹೊತ್ತಿನಲ್ಲಿ ಸಾಧು. ಹಳೆಯ ಊಟದ ಜಾಗ ತಿರುವಿನಿಂದ ಮೂರೇ ಹೆಜ್ಜೆ. ಗಾಡಿ ತಿರುಗಿದ ತಕ್ಷಣ ಅವಳಿಗೂ ಬಟ್ಟಲಿಗೂ ನಡುವೆ ಬಂದುಬಿಡುತ್ತಿತ್ತು. ಜಾಗ ಸರಿದ ಎರಡು ಮೂರು ವಾರಕ್ಕೆ ಅಟ್ಟಿಸಿಕೊಂಡು ಹೋಗುವುದು ತಾನಾಗಿ ನಿಂತಿತು. ಒಬ್ಬರ ಗಾಡಿಯನ್ನು ಮಾತ್ರ ಈಗಲೂ ಬಿಡುವುದಿಲ್ಲ. ಅವರು ಹಿಂದೆ ಒಮ್ಮೆ ಒದ್ದಿದ್ದರು. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಅವರು ಆ ಕ್ರಾಸಿನಲ್ಲಿ ನಿಧಾನಕ್ಕೆ ಹೋಗುತ್ತಾರೆ, ನಾನು ಕೆಂಚಿಯನ್ನು ಹೆಸರು ಹಿಡಿದು ಕೂಗುತ್ತೇನೆ. ಹೀಗೇ ನಡೆದಿದೆ.

ಹೊತ್ತು ಹೊಂದಿಸಲೂ ಒದ್ದಾಡಿದೆ. ಬೆಳಗ್ಗೆ ಐದಕ್ಕೆ ಹಾಕಿದರೆ ಹಾಲು, ಪೇಪರ್ ಹುಡುಗರು ಓಡಾಡುವ ಹೊತ್ತು. ರಾತ್ರಿ ಎಂಟೂವರೆಗೆ ಟ್ಯೂಷನ್ ಮಕ್ಕಳು, ಊಟ ಮುಗಿಸಿ ವಾಕಿಂಗ್ ಹೋಗುವ ಹಿರಿಯರು. ಕೊನೆಗೆ ಕೂತದ್ದು ಒಂಬತ್ತು ಮುಕ್ಕಾಲಿಗೆ. ಹೊಟ್ಟೆ ತುಂಬಿದ ನಾಯಿ ಮಲಗುತ್ತದೆ, ರಾತ್ರಿ ಬೊಗಳುವುದೂ ಕಡಿಮೆಯಾಯಿತು. ದಿನಾ ಬೇರೆ ಬೇರೆ ಹೊತ್ತಿಗೆ ಹಾಕಿದರೆ ಕಾಯುವುದು ತಪ್ಪುತ್ತದೆ ಎನ್ನುವವರಿದ್ದಾರೆ. ನಾನೂ ಮಾಡಿ ನೋಡಿದೆ, ಉಲ್ಟಾ ಆಯಿತು. ಯಾವಾಗ ಬರುತ್ತದೋ ಗೊತ್ತಿಲ್ಲದೆ ಸಂಜೆಯಿಂದಲೇ ಬಂದು ಕೂತವು. ಐದು ನಿಮಿಷ ಆಚೀಚೆ ಆಗಬಾರದು.

ಬಟ್ಟಲಿನಲ್ಲೂ ದುಡ್ಡು ಹೋಯಿತು. ಅಡಿಕೆ ಹಾಳೆ ತಟ್ಟೆ ಚೆನ್ನಾಗಿದೆ ಎಂದುಕೊಂಡೆ. ವಾಸನೆಗೆ ಅದನ್ನೇ ಕಚ್ಚಿಕೊಂಡು ಹೋಗಿ ಯಾರದೋ ತುಳಸಿಕಟ್ಟೆ ಹತ್ತಿರ ಹಾಕಿದವು. ನ್ಯೂಸ್‌ಪೇಪರ್ ಗಾಳಿಗೆ ಹಾರಿತು. ಸ್ಟೀಲ್ ಬಟ್ಟಲು ರಾತ್ರಿ ಠಣಠಣ ಎನ್ನುತ್ತದೆ. ಈಗ ಅಡಿಯಲ್ಲಿ ರಬ್ಬರ್ ಇರುವ ಬಟ್ಟಲು, ಒಂದಕ್ಕೂ ಇನ್ನೊಂದಕ್ಕೂ ಎಂಟು ಹತ್ತು ಅಡಿ ದೂರ. ಜೋರಿನ ನಾಯಿಗೆ ಮೊದಲು ಹಾಕಿ, ಹೆದರುವುದಕ್ಕೆ ಅದರ ಬೆನ್ನ ಹಿಂದೆ. ಹತ್ತು ನಿಮಿಷ ಆದ ಕೂಡಲೇ ಎಲ್ಲ ಎತ್ತಿಕೊಂಡು ಬರುತ್ತೇನೆ. ಬಿಟ್ಟರೆ ಇಲಿ ಬರುತ್ತದೆ, ಆಮೇಲೆ ಇಲಿಗೂ ನಾನೇ ಹೊಣೆ. ನೀರಿನ ಸಿಮೆಂಟ್ ತೊಟ್ಟಿ ಮಾತ್ರ ಅಲ್ಲೇ ಇರುತ್ತದೆ. ಎರಡು ದಿನಕ್ಕೊಮ್ಮೆ ಚೆಲ್ಲಿ ಉಜ್ಜುತ್ತೇನೆ, ಇಲ್ಲದಿದ್ದರೆ ಸೊಳ್ಳೆ ಮರಿ.

ಇದರ ಮಧ್ಯೆ ನೀಲಿ ನೀರಿನ ಬಾಟಲಿಯ ಪರೀಕ್ಷೆಯನ್ನೂ ಮಾಡಿದೆ. ಗೇಟಿಗೆ ಕಟ್ಟಿದರೆ ನಾಯಿ ಬರುವುದಿಲ್ಲ ಎಂದು ನಮ್ಮ ಸಾಲಿನಲ್ಲಿ ಅರ್ಧ ಮನೆಯವರು ಕಟ್ಟಿದ್ದರು. ಒಂದು ರಾತ್ರಿ ಟ್ಯಾಂಕಿನ ಹಿಂದೆ ಬಟ್ಟಲಿನ ಪಕ್ಕದಲ್ಲೇ ಎರಡು ಬಾಟಲಿ ಇಟ್ಟೆ. ಒಂದಕ್ಕೆ ಕೆಂಚಿ ಒರಗಿಕೊಂಡು ತಿಂದಳು. ಇನ್ನೊಂದರ ಮೇಲೆ ಮರಿಯೊಂದು ಕಾಲೆತ್ತಿತು.

ಖರ್ಚು ತಿಂಗಳಿಗೆ ಸುಮಾರು ಐದು ಸಾವಿರ. ನುಚ್ಚಕ್ಕಿ ದಿನಕ್ಕೆ ಒಂದು ಕೆಜಿ ಚಿಲ್ಲರೆ, ಅದರೊಳಗೆ ಚಿಕನ್ ಅಂಗಡಿಯ ಲಿವರ್, ತಲೆ, ಚರ್ಮ. ಉಪ್ಪು, ಈರುಳ್ಳಿ ಇಲ್ಲ. ಬೆಂದ ಮೂಳೆ ಆರಿಸಿ ತೆಗೆಯುತ್ತೇನೆ, ಗಂಟಲಿಗೆ ಚುಚ್ಚುತ್ತದೆ. ಕೊನೆಯಲ್ಲಿ ಒಂದು ಚಮಚ ಇನ್ನೊಂದು ಪುಡಿ ಹಾಕುತ್ತೇನೆ, ಅದರ ವಾಸನೆಗೇ ಎಲ್ಲವೂ ಎದ್ದು ಬರುತ್ತವೆ. ಏನು ಎಂದು ಕೇಳಬೇಡಿ. ಅದು ನನ್ನ ಹತ್ತಿರವೇ ಇರಲಿ.

ಆಪರೇಷನ್ ಆಗದೆ ಇದ್ಯಾವುದೂ ನಿಲ್ಲುವುದಿಲ್ಲ. ಹೆಣ್ಣು ಬೆದೆಗೆ ಬಂದರೆ ಹೊರಗಿನ ಗಂಡುಗಳು ಬರುತ್ತವೆ, ನಿಮ್ಮ ಜಾಗ, ಹೊತ್ತು ಎಲ್ಲ ಚೆಲ್ಲಾಪಿಲ್ಲಿ. ಹೆಚ್ಚಿನವನ್ನು ಎಬಿಸಿ, ಅಂದರೆ ಪ್ರಾಣಿಗಳ ಸಂತಾನ ನಿಯಂತ್ರಣದ ಗಾಡಿಯವರೇ ಒಯ್ದರು. ಸರದಿ ಬರದ ಎರಡಕ್ಕೆ ಕೈಯಿಂದ ಹಾಕಿದೆ, ತಲಾ ಎರಡು ಸಾವಿರ ದಾಟಿತು. ಹಿಡಿಯುವ ಹಿಂದಿನ ರಾತ್ರಿ ಊಟ ಇಲ್ಲ, ಅರಿವಳಿಕೆಗೆ ಹೊಟ್ಟೆ ಖಾಲಿ ಇರಬೇಕು. ಆದರೆ ಊಟದ ಜಾಗದಲ್ಲಿ ಮಾತ್ರ ಬಲೆ ಹಾಕಲು ಬಿಡಬೇಡಿ. ಒಮ್ಮೆ ಅಲ್ಲಿ ಹಿಡಿದರೆ ಉಳಿದವು ವಾರಗಟ್ಟಲೆ ಆ ಕಡೆ ತಲೆ ಹಾಕುವುದಿಲ್ಲ, ಮತ್ತೆ ಗೇಟುಗಳಿಗೇ ಹೋಗುತ್ತವೆ.

ಈಗ ಕಾನೂನು. 2023ರ ಎಬಿಸಿ ನಿಯಮಗಳಲ್ಲಿ 20ನೇ ನಿಯಮ ನಮ್ಮದು. ಸಮುದಾಯದ ಪ್ರಾಣಿಗಳ ಊಟಕ್ಕೆ ಏರ್ಪಾಡು ಮಾಡುವುದು ನಿವಾಸಿಗಳ ಸಂಘದ ಹೊಣೆ, ಜಾಗ ಮಕ್ಕಳ ಆಟದ ಜಾಗದಿಂದ, ಮೆಟ್ಟಿಲು ಬಾಗಿಲುಗಳಿಂದ ದೂರ ಇರಬೇಕು, ಹೊತ್ತು ಗೊತ್ತು ಮಾಡಬೇಕು, ಹಾಕುವವರು ಗಲೀಜು ಮಾಡಬಾರದು ಎಂದು ಅದರಲ್ಲಿದೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೂಡ ಗೊತ್ತು ಮಾಡಿದ ಜಾಗದಲ್ಲೇ ಹಾಕಬೇಕು, ಬೀದಿಯಲ್ಲಿ ಹಾಕಬಾರದು ಎಂದಿತು. ನಿಯಮದ ಪ್ರತಿ ಹಿಡಿದು ಮೀಟಿಂಗಿಗೆ ಹೋದವರನ್ನು ನೋಡಿದ್ದೇನೆ. ಮುಖಕ್ಕೆ ಹಿಡಿದ ತಕ್ಷಣ ಎದುರಿನವರು ಗಟ್ಟಿಯಾಗುತ್ತಾರೆ. ನಾನು ಮೊದಲು ಒಯ್ದದ್ದು ಒಂದು ಹಾಳೆ. ಪ್ರತಿ ನಾಯಿಯ ಫೋಟೋ, ಹೆಸರು, ಆಪರೇಷನ್ ಆದ ಗುರುತಿಗೆ ಕಿವಿ ಕತ್ತರಿಸಿದೆಯೋ ಇಲ್ಲವೋ, ರೇಬೀಸ್ ಲಸಿಕೆ ಹಾಕಿದ ತಾರೀಖು, ಕೆಳಗೆ ನನ್ನ ನಂಬರ್. ನೋಟಿಸ್ ಬೋರ್ಡಿಗೆ ಅಂಟಿಸಿದೆ. "ಯಾವುದೋ ನಾಯಿ" ಎನ್ನುತ್ತಿದ್ದವರು "ಏಳನೇ ನಂಬರಿನದ್ದು ಕುಂಟುತ್ತಿದೆ" ಎಂದು ಫೋನ್ ಮಾಡತೊಡಗಿದರು. ನಿಯಮದ ಹಾಳೆ ಹೊರತೆಗೆದದ್ದು ಎರಡನೇ ಮೀಟಿಂಗಿನಲ್ಲಿ, ಅವರೇ ಕೇಳಿದಾಗ. ಕಾರ್ಯದರ್ಶಿಯವರನ್ನು ಹೇಗೆ ಒಪ್ಪಿಸಿದೆ ಎನ್ನುವುದು ಬೇರೆಯೇ ಕಥೆ, ಅದನ್ನು ಬರೆದರೆ ಅವರಿಗೆ ಬೇಜಾರು.

ಕೊನೆಗೆ ಉಳಿದದ್ದು ಬಿಸ್ಕತ್ತು. ನಿವೃತ್ತರಾದ ಒಬ್ಬ ಹಿರಿಯರು ತಮ್ಮ ಗೇಟಿನಲ್ಲಿ ದಿನಾ ಒಂದು ಪೊಟ್ಟಣ ಬಿಚ್ಚುತ್ತಿದ್ದರು.

"ಸಾರ್, ನಿಮ್ಮ ಬಿಸ್ಕೆಟ್ ಬೇಡ ಅನ್ನಲ್ಲ. ಟ್ಯಾಂಕ್ ಹತ್ರ ಬಂದು ಹಾಕಿ," ಎಂದೆ.

"ಅವು ಬಂದು ಮುಖ ನೋಡ್ತವೆ ಕಣ್ರೀ. ಸುಮ್ನೆ ಹೇಗಿರೋದು?"

"ಒಂಬತ್ತು ಮುಕ್ಕಾಲಿಗೆ ಟಾರ್ಚ್ ಹಿಡ್ಕೊಂಡು ಬನ್ನಿ ಸಾರ್. ನನಗೂ ಒಬ್ಬರು ಬೇಕು."

ಬಂದರು. ಈಗ ನಾನು ಊರಲ್ಲಿಲ್ಲದ ದಿನ ಅವರೇ ಹಾಕುತ್ತಾರೆ. ಅವರಿಗೂ ಅದೇ ಥರದ ಸೀಟಿ ಕೊಡಿಸಿದ್ದೇನೆ, ಅನ್ನ ನನ್ನ ಮನೆಯಿಂದ ಡಬ್ಬಿಯಲ್ಲಿ ಹೋಗುತ್ತದೆ. ಹೊತ್ತಿನ ವಿಷಯದಲ್ಲಿ ಸ್ವಲ್ಪ ಉದಾಸೀನ, ಕೆಲವೊಮ್ಮೆ ಹತ್ತು ಗಂಟೆ ಮಾಡುತ್ತಾರೆ. ಮಾರನೇ ದಿನ ಎರಡು ನಾಯಿ ಅವರ ಗೇಟಿನ ಕಡೆ ಹೊರಟಿರುತ್ತವೆ, ಮತ್ತೆ ಸರಿಪಡಿಸಲು ಎರಡು ಮೂರು ದಿನ ಬೇಕು. ಹೋದ ತಿಂಗಳು ಯಾರೋ ಮೋರಿ ಪಕ್ಕ ಮೂರು ಮರಿ ತಂದು ಬಿಟ್ಟಿದ್ದಾರೆ. ಅವನ್ನು ಹಾಳೆಗೆ ಸೇರಿಸಿಯಾಗಿದೆ. ಲಸಿಕೆ ವಯಸ್ಸಿಗೆ ಬಂದ ಮೇಲೆ ಆಗುತ್ತದೆ, ಆಪರೇಷನ್ನಿಗೆ ಅಸೋಸಿಯೇಷನ್ ಅರ್ಧ ದುಡ್ಡು ಕೊಡುತ್ತೇನೆ ಎಂದಿದೆ.