ರಾತ್ರಿ ಫೋಟೋಗೆ ಬಾಣಬಿರುಸು ಸೇರಿಸಿದಾಗ ಆಕಾಶದಲ್ಲಿ ಕಂಡ ಚೌಕ

ಕೆರೆ ದಂಡೆಯಲ್ಲಿ ನಿಂತು ತೆಗೆದ ಒಂದು ರಾತ್ರಿ ಫೋಟೋ ನನ್ನ ಹತ್ತಿರ ಇತ್ತು. ಆಚೆ ದಡದಲ್ಲಿ ಎತ್ತರದ ಕಟ್ಟಡಗಳು, ಕೆಳಗೆ ನೀರು, ಮೇಲೆ ಖಾಲಿ ಆಕಾಶ. ಇನ್ನೊಂದು ರಾತ್ರಿ ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, 4 ಸೆಕೆಂಡ್ ಶಟರ್ ತೆರೆದು ಬಾಣಬಿರುಸಿನ ಫೋಟೋ ಕೂಡ ತೆಗೆದಿದ್ದೆ. ಎರಡನ್ನೂ ಫೋಟೋಶಾಪ್‌ನಲ್ಲಿ ಒಂದರ ಮೇಲೊಂದು ಇಟ್ಟೆ, ಕೆರೆಯದು ಕೆಳಗೆ, ಬಾಣಬಿರುಸು ಮೇಲೆ. ಮೇಲಿನ ಲೇಯರ್‌ನ ಬ್ಲೆಂಡ್ ಮೋಡ್, ಅಂದರೆ ಅದು ಕೆಳಗಿನದರ ಜೊತೆ ಬೆರೆಯುವ ರೀತಿಯನ್ನು, Screen ಮಾಡಿದೆ. ಕಪ್ಪು ಮಾಯವಾಯಿತು, ಕಿಡಿಗಳು ಆಕಾಶದಲ್ಲಿ ಕೂತವು. ಎರಡೇ ನಿಮಿಷದ ಕೆಲಸ. ತುಂಬಾ ಖುಷಿಯಾಗಿ ಗೆಳೆಯನಿಗೆ ಕಳಿಸಿದೆ.

ಅವನು ಫೋನಿನ ಬ್ರೈಟ್‌ನೆಸ್ ಪೂರ್ತಿ ಏರಿಸಿ ನೋಡಿದ. "ಆಕಾಶದಲ್ಲಿ ಈ ಚೌಕ ಏನೋ?" ಅಂತ ಕೇಳಿದ. ನನ್ನ ಮಾನಿಟರ್‌ನಲ್ಲಿ ಕಾಣದ ಚೌಕ ಅವನ ಫೋನಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಬಾಣಬಿರುಸಿನ ಸುತ್ತ ಮಂಜು ಕವಿದ ಹಾಗೆ ಒಂದು ಬೂದು ಚೌಕ, ಅದರ ಅಂಚು ನೆಟ್ಟಗೆ.

ಯಾಕೆ ಹೀಗಾಯಿತು ಅಂತ ತಿಳಿಯಲು ಸ್ಕ್ರೀನ್ ಮೋಡ್ ಮಾಡುವ ಲೆಕ್ಕ ನೋಡಬೇಕಾಯಿತು. ಪ್ರತಿ ಪಿಕ್ಸೆಲ್‌ನ ಪ್ರತಿ ಬಣ್ಣಕ್ಕೂ ಅದು ಮಾಡುವುದು ಇಷ್ಟೇ. ಇಲ್ಲಿ a ಅಂದರೆ ಕೆಳಗಿನ ಫೋಟೋ, b ಅಂದರೆ ಮೇಲಿನದು; 0 ಅಂದರೆ ಕಪ್ಪು, 255 ಅಂದರೆ ಪೂರ್ತಿ ಹೊಳಪು:

```
255 - (255 - a) × (255 - b) / 255
```

b ಸೊನ್ನೆಯಾಗಿದ್ದರೆ ಉತ್ತರ a ಆಗಿಯೇ ಉಳಿಯುತ್ತದೆ. ಅಂದರೆ ಅಪ್ಪಟ ಕಪ್ಪು ಏನೂ ಮಾಡುವುದಿಲ್ಲ. ಆದರೆ ನನ್ನ ಬಾಣಬಿರುಸಿನ ಆಕಾಶ ಅಪ್ಪಟ ಕಪ್ಪಾಗಿರಲಿಲ್ಲ. ಐಡ್ರಾಪರ್ ಇಟ್ಟು Info ಪ್ಯಾನೆಲ್ ನೋಡಿದೆ. ಮೂರೂ ಚಾನೆಲ್‌ನಲ್ಲಿ 22ರ ಆಸುಪಾಸು ಇತ್ತು. ಕೆಳಗಿನ ಫೋಟೋದ ಆಕಾಶ 38. ಲೆಕ್ಕ ಹಾಕಿದರೆ 57 ಬರುತ್ತದೆ. ಚೌಕದ ಹೊರಗೆ 38, ಒಳಗೆ 57. ಅಂಚು ಕಾಣದೇ ಇರುತ್ತದಾ?

ಮೊದಲು ಎರೇಸರ್ ಹಿಡಿದು ಚೌಕದ ಅಂಚನ್ನು ಮೆತ್ತಗೆ ಒರೆಸಲು ನೋಡಿದೆ. ಅಂಚು ಹೋಯಿತು, ಆದರೆ ಬೂದು ಮಂಜು ಬಿರುಸಿನ ಸುತ್ತ ಉಂಡೆಯಾಗಿ ಉಳಿಯಿತು. ಅಂಚನ್ನು ಎಷ್ಟು ಒರೆಸಿದರೂ ಸಾಲದು, ಕಪ್ಪನ್ನೇ ಸರಿಮಾಡಬೇಕು ಅಂತ ಆಗ ಗೊತ್ತಾಯಿತು.

ಅದಕ್ಕೆ ಬಾಣಬಿರುಸಿನ ಲೇಯರ್ ಮೇಲೆ ಕಪ್ಪು ಬಿಳುಪಿನ ಮಟ್ಟ ಹೊಂದಿಸುವ ಒಂದು Levels ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿದೆ. Ctrl+Alt+G ಒತ್ತಿ ಅದನ್ನು ಆ ಒಂದು ಲೇಯರ್‌ಗೆ ಮಾತ್ರ ಕ್ಲಿಪ್ ಮಾಡಿದೆ. ಹೀಗೆ ಮಾಡದಿದ್ದರೆ ಕೆಳಗಿನ ಫೋಟೋ ಕೂಡ ಕಪ್ಪಾಗುತ್ತದೆ. ಆಮೇಲೆ ಎಡಗಡೆಯ ಕಪ್ಪು ಸ್ಲೈಡರ್ ಅನ್ನು 0ಯಿಂದ 30ಕ್ಕೆ ತಂದೆ. 22 ಸಾಕಾಗಲಿಲ್ಲ, ಯಾಕೆಂದರೆ ಆಕಾಶದಲ್ಲಿ ನಾಯ್ಸ್ ಇರುತ್ತದೆ. ಕೆಲವು ಪಿಕ್ಸೆಲ್ 18 ಇದ್ದರೆ ಕೆಲವು 28 ಇರುತ್ತವೆ. 30ರಲ್ಲಿ ಅವೆಲ್ಲ ಸೊನ್ನೆಯಾದವು. ಹೊಗೆ ಇದ್ದ ಕಡೆ 45ರಷ್ಟಿತ್ತು, ಅದು 17ಕ್ಕೆ ಇಳಿಯಿತು. ಆ ಹೊಗೆಯನ್ನು ಬೇಕಂತಲೇ ಉಳಿಸಿದೆ. ಹೊಗೆಯೇ ಇಲ್ಲದ ಬಾಣಬಿರುಸು ನನ್ನ ಕಣ್ಣಿಗೆ ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣುತ್ತದೆ. ಸ್ಲೈಡರ್ ಅನ್ನು 60ರವರೆಗೆ ಎಳೆದಾಗ ಹೊಗೆ ಪೂರ್ತಿ ಹೋಯಿತು ನಿಜ, ಜೊತೆಗೆ ಕಿಡಿಗಳು ಆರುತ್ತಾ ಬರುವ ತೆಳು ಬಾಲಗಳೂ ಹೋದವು. ಅಲ್ಲಿಗೆ ಅತಿಯಾಯಿತು ಅಂತ ಅರ್ಥ.

ಚೌಕ ನಿಜವಾಗಿ ಹೋಗಿದೆಯಾ ಅಂತ ನೋಡಲು ಕಣ್ಣನ್ನು ನಂಬಬಾರದು. ಎಲ್ಲದರ ಮೇಲೆ ಇನ್ನೊಂದು Levels ಲೇಯರ್ ಹಾಕಿ, ಬಿಳಿ ಸ್ಲೈಡರ್ ಅನ್ನು 255ರಿಂದ 80ಕ್ಕೆ ಎಳೆಯುತ್ತೇನೆ. ಫೋಟೋ ಪೂರ್ತಿ ಬೆಳ್ಳಗಾಗಿ ಕೆಟ್ಟದಾಗಿ ಕಾಣುತ್ತದೆ. ಆದರೆ ಎಲ್ಲೋ ಒಂದು ಅಂಚು ಉಳಿದಿದ್ದರೆ ತಕ್ಷಣ ಎದ್ದು ತೋರುತ್ತದೆ. ನನ್ನದರಲ್ಲಿ ಕೆಳಗಿನ ಬಲ ಮೂಲೆಯಲ್ಲಿ ಹೊಗೆ ಫ್ರೇಮಿನ ಅಂಚಿಗೆ ತಾಗಿ ಕತ್ತರಿಸಿಹೋಗಿತ್ತು. ಕಪ್ಪು ಬಳಿದಲ್ಲಿ ಲೇಯರ್ ಅನ್ನು ಮರೆಮಾಡುವ ಮಾಸ್ಕ್ ಹಾಕಿ, ಮೃದುವಾದ ದೊಡ್ಡ ಬ್ರಷ್‌ನಿಂದ ಅಷ್ಟನ್ನು ಮಾತ್ರ ಒರೆಸಿದೆ. ನೋಡಿದ ಮೇಲೆ ಆ ಪರೀಕ್ಷೆಯ ಲೇಯರ್ ತೆಗೆದುಬಿಡಬೇಕು.

ಇನ್ನೊಂದು ಕಡೆ ಅರ್ಧ ಗಂಟೆ ಸಿಕ್ಕಿಹಾಕಿಕೊಂಡೆ. ಬಾಣಬಿರುಸಿನ ಲೇಯರ್ ಮತ್ತು ಅದರ Levels ಅನ್ನು ಒಂದು ಗ್ರೂಪ್‌ಗೆ ಹಾಕಿ, ಏನೂ ಯೋಚಿಸದೆ ಗ್ರೂಪ್‌ನ ಮೋಡ್ ಅನ್ನು Normal ಮಾಡಿದ್ದೆ. ಹೋಗಿದ್ದ ಕಪ್ಪು ಮತ್ತೆ ಬಂತು! Normal ಗ್ರೂಪ್‌ನ ಒಳಗಿರುವ ಲೇಯರ್ ಗ್ರೂಪಿನ ಹೊರಗೆ ಕೆಳಗಿರುವ ಫೋಟೋ ಜೊತೆ ಬೆರೆಯುವುದಿಲ್ಲ. ಗ್ರೂಪ್ ಅನ್ನು Pass Through ಮಾಡಿದಾಗ ಸರಿಹೋಯಿತು.

ಈಗ ಬಿರುಸು ಕೂತ ಜಾಗ. ಅದರ ಕೆಳಭಾಗ ಒಂದು ಎತ್ತರದ ಕಟ್ಟಡದ ಮೇಲೆ ಬಂದಿತ್ತು. ಸ್ಕ್ರೀನ್‌ಗೆ ಹಿಂದೆ ಮುಂದೆ ಗೊತ್ತಿಲ್ಲ, ಬೆಳಕು ಸೇರಿಸುವುದಷ್ಟೇ ಗೊತ್ತು. ಹಾಗಾಗಿ ಕಿಡಿಗಳು ಕಟ್ಟಡದ ಮುಂದೆ ಸಿಡಿದ ಹಾಗೆ ಕಂಡವು. ಪಾಲಿಗಾನಲ್ ಲ್ಯಾಸೋದಿಂದ ಕಟ್ಟಡದ ಗೆರೆ ಹಿಡಿದು, ಗ್ರೂಪ್‌ನ ಮಾಸ್ಕ್‌ನಲ್ಲಿ ಅಷ್ಟು ಜಾಗಕ್ಕೆ ಕಪ್ಪು ತುಂಬಿದೆ. ಬಿರುಸು ಕಟ್ಟಡದ ಹಿಂದೆ ಹೋಯಿತು. ಇಡೀ ಫೋಟೋಗೆ ಆಳ ಬಂದದ್ದು ಆ ಕ್ಷಣದಲ್ಲೇ.

ಕೆಳಗೆ ನೀರಿದ್ದರೆ ಪ್ರತಿಬಿಂಬ ಬೇಕೇ ಬೇಕು, ಅಲ್ವಾ? ಗ್ರೂಪ್‌ನ ನಕಲು ಮಾಡಿ, ಒಂದೇ ಲೇಯರ್ ಆಗಿ ಮರ್ಜ್ ಮಾಡಿ, ಮತ್ತೆ ಸ್ಕ್ರೀನ್ ಇಟ್ಟು, ತಲೆಕೆಳಗು ಮಾಡಿದೆ. ನೀರಿನ ಗೆರೆಯಿಂದ ಬಿರುಸು ಎಷ್ಟು ಮೇಲಿದೆಯೋ ಅಷ್ಟೇ ಕೆಳಗೆ ಇದನ್ನು ಇಟ್ಟೆ. ನೀರು ಅಲುಗುತ್ತಿತ್ತು, ಕಟ್ಟಡದ ದೀಪಗಳು ಅದರಲ್ಲಿ ಉದ್ದಕ್ಕೆ ಎಳೆದುಕೊಂಡಿದ್ದವು. ಅದಕ್ಕೇ ಇದಕ್ಕೂ Motion Blur ಕೊಟ್ಟೆ, ಕೋನ 90 ಡಿಗ್ರಿ. ಎಷ್ಟು ಪಿಕ್ಸೆಲ್ ಅನ್ನುವುದನ್ನು ಪಕ್ಕದ ದೀಪದ ಪ್ರತಿಬಿಂಬ ನೋಡಿಯೇ ಹೊಂದಿಸಿದೆ. ಕೊನೆಗೆ ಒಪಾಸಿಟಿ 45%. ಪ್ರತಿಬಿಂಬ ಮೇಲಿನದಕ್ಕಿಂತ ಮಂಕಾಗಿಯೇ ಇರಬೇಕು.

ಇದೇ ಬಿರುಸನ್ನು ಸಂಜೆ ಹೊತ್ತಿನ ಇನ್ನೊಂದು ಫೋಟೋ ಮೇಲೂ ಹಾಕಿ ನೋಡಿದೆ. ಅಲ್ಲಿ ಆಕಾಶ ಇನ್ನೂ ನೀಲಿ. ಕೆಂಪು ಕಿಡಿಗಳು ಗುಲಾಬಿಯಾದವು. ತಪ್ಪು ನನ್ನದಲ್ಲ, ಲೆಕ್ಕವೇ ಹಾಗೆ: ಆಕಾಶದ ನೀಲಿ ಮತ್ತು ಹಸಿರು ಕೆಂಪಿನ ಜೊತೆ ಸೇರುತ್ತವೆ. ಸ್ಕ್ರೀನ್ ಯಾವುದನ್ನೂ ಕಪ್ಪು ಮಾಡುವುದಿಲ್ಲ, ಹಾಗಾಗಿ ಇದಕ್ಕೆ ಮದ್ದು ಇಲ್ಲ. ಕೆಳಗಿನ ಆಕಾಶ ಗಾಢವಾಗಿರುವ ಫೋಟೋವನ್ನೇ ಆರಿಸಿಕೊಳ್ಳಬೇಕು.

ಮಿಂಚಿನ ಫೋಟೋವನ್ನೂ ಹೀಗೇ ಸ್ಕ್ರೀನ್‌ನಲ್ಲಿ ಸೇರಿಸಬಹುದು, ಆದರೆ ಅದಕ್ಕೆ ಈ ಕಪ್ಪು ಸ್ಲೈಡರ್ ಅಷ್ಟು ಒಗ್ಗುವುದಿಲ್ಲ. ಮಿಂಚು ಹೊಡೆದಾಗ ಸುತ್ತಲಿನ ಮೋಡವೂ ಬೆಳಗುತ್ತದೆ. ಅಷ್ಟೆಲ್ಲ ಸೊನ್ನೆ ಮಾಡಲು ಹೋದರೆ ಕೂದಲಿನಷ್ಟು ತೆಳ್ಳಗಿನ ಕವಲುಗಳು ಮೊದಲು ಹೋಗುತ್ತವೆ. ನಾನು ಸ್ಲೈಡರ್ ಅನ್ನು ಸ್ವಲ್ಪವೇ ಎಳೆದು, ಮೋಡದ ಹೊಳಪು ಉಳಿಸಿಕೊಂಡು, ಅದರ ಅಂಚನ್ನು ಮಾಸ್ಕ್‌ನಲ್ಲಿ ತುಂಬಾ ಮೃದುವಾಗಿ ಕರಗಿಸುತ್ತೇನೆ. ಕೆಳಗಿನ ಫೋಟೋದಲ್ಲಿ ಮೋಡ ಇರಲೇಬೇಕು. ನಕ್ಷತ್ರ ಹೊಳೆಯುವ ತಿಳಿ ಆಕಾಶದಲ್ಲಿ ಮಿಂಚು ಯಾರೂ ನಂಬುವುದಿಲ್ಲ.

ಊರಿನ ದೀಪಗಳು ಫೋಕಸ್ ತಪ್ಪಿ ಮಸುಕು ಬಿಲ್ಲೆಗಳಾಗಿ ಕಾಣುವ ಬೊಕೆ ಫೋಟೋವನ್ನು ಮಾತ್ರ ಆ ಕೆರೆ ಫೋಟೋ ಮೇಲೆ ಹಾಕಲಿಲ್ಲ. ಅಲ್ಲಿ ದೂರದ ಕಟ್ಟಡಗಳು ಚೂಪಾಗಿ ಫೋಕಸ್ ಆಗಿವೆ. ಅದೇ ದೂರದ ದೀಪಗಳು ದುಂಡು ದುಂಡಾಗಿ ಮಸುಕಾಗಿದ್ದರೆ ಕಣ್ಣು ಒಪ್ಪುವುದಿಲ್ಲ. ಹತ್ತಿರದಿಂದ ತೆಗೆದ, ಹಿನ್ನೆಲೆ ಆಗಲೇ ಮಸುಕಾಗಿರುವ ಒಂದು ಮುಖದ ಫೋಟೋಗೆ ಅದನ್ನು ಬಳಸಿದೆ. ಮುಖ ಮತ್ತು ಕೂದಲನ್ನು ಮಾಸ್ಕ್ ಮಾಡಿದ್ದರಿಂದ ದೀಪದ ಬಿಲ್ಲೆಗಳು ಹಿಂದೆಯೇ ಉಳಿದವು.