ಶೇಡಿ ಮಣ್ಣನ್ನು ಹೊತ್ತ ತಡೆಗೋಡೆ: ಒಂದು ಕುಸಿತದ ತಪಾಸಣೆ

ಮಂಗಳೂರಿನ ಗುಡ್ಡಗಳಲ್ಲಿ ಮೇಲೆ ಕಾಣುವುದು ಮುರಕಲ್ಲು, ಅಂದರೆ ನಾವು ಮನೆ ಕಟ್ಟುವ ಕೆಂಪುಕಲ್ಲು. ಅದರ ಅಡಿಯಲ್ಲಿ ಬಿಳಿ, ತಿಳಿ ಗುಲಾಬಿ ಅಥವಾ ಹಳದಿ ಬಣ್ಣದ ಶೇಡಿ ಮಣ್ಣಿರುತ್ತದೆ. ಒಣಗಿರುವಾಗ ಶೇಡಿಯನ್ನು ನೇರವಾಗಿ ಕಡಿದರೂ ಅದು ಗೋಡೆಯಂತೆ ನಿಲ್ಲುತ್ತದೆ. ಬೇಸಿಗೆಯಲ್ಲಿ ನೆಲಮಾಳಿಗೆಗೆಂದು ಅಗೆಯುವವರಿಗೆ ಈ ನೆಲ ಗಟ್ಟಿಯಾಗಿದೆ ಎಂಬ ಧೈರ್ಯ ಬರುವುದು ಇದರಿಂದಲೇ. ನಾನು ಇಲ್ಲಿ ಬರೆಯುತ್ತಿರುವ ಕುಸಿತ ನಗರದ ಪೂರ್ವ ಭಾಗದ ಒಂದು ಇಳಿಜಾರಿನಲ್ಲಿ ಜೂನ್ ಕೊನೆಯ ಮಳೆಗೆ ಆದದ್ದು. ಮೇಲಿನ ಜಾಗದಲ್ಲಿ ವಸತಿ ಸಮುಚ್ಚಯದ ಕೆಲಸ ನಡೆಯುತ್ತಿತ್ತು. ನೆಲಮಾಳಿಗೆಯಿಂದ ತೆಗೆದ ಮಣ್ಣನ್ನೇ ಕೆಳಗಡೆ ಕಟ್ಟಿದ ಕಗ್ಗಲ್ಲಿನ ತಡೆಗೋಡೆಯ ಹಿಂದೆ ತುಂಬಿ ಅಂಗಳವನ್ನು ಸಮತಟ್ಟು ಮಾಡಲಾಗಿತ್ತು. ಗೋಡೆಯ ಮಧ್ಯಭಾಗ ರಾತ್ರಿ ಕುಸಿದು ಕೆಳಗಿನ ಒಂದು ಮನೆಯ ಅಡುಗೆಕೋಣೆಯ ಮೇಲೆ ಬಿದ್ದಿತು. ಆ ಹೊತ್ತಿಗೆ ಅಡುಗೆಕೋಣೆಯಲ್ಲಿ ಯಾರೂ ಇರಲಿಲ್ಲ.

ತಪಾಸಣೆಗೆ ಹೋದಾಗ ನನ್ನ ಮೊದಲ ಗಮನ ಬಿದ್ದ ಭಾಗದ ಮೇಲಿರಲಿಲ್ಲ, ಇನ್ನೂ ನಿಂತಿದ್ದ ಎರಡು ಬದಿಗಳ ಮೇಲಿತ್ತು. ಅವುಗಳಲ್ಲಿ ಒಂದು ಹೊರಕ್ಕೆ ಉಬ್ಬಿದ್ದು, ಅದರ ಹಿಂದಿನ ಅಂಗಳದಲ್ಲಿ ಗೋಡೆಗೆ ಸಮಾನಾಂತರವಾಗಿ ಬಿರುಕು ಬಿಟ್ಟಿತ್ತು. ಆದ್ದರಿಂದ ಏನನ್ನೂ ಅಳೆಯುವ ಮೊದಲೇ, ಗೋಡೆಯ ಬುಡದಿಂದ ಅದರ ಎತ್ತರದ ಒಂದೂವರೆ ಪಟ್ಟು ದೂರದೊಳಗಿದ್ದ ಎರಡು ಮನೆಗಳನ್ನು ಬೆಳಕಿರುವಾಗಲೇ ಖಾಲಿ ಮಾಡಿಸಲು ಹೇಳಿದೆ. ಈ ಒಂದೂವರೆ ಪಟ್ಟು ಎನ್ನುವುದು ಯಾವ ಸಂಹಿತೆಯ ಅಂಕಿಯೂ ಅಲ್ಲ, ಇಂಥ ಜಾಗಗಳಲ್ಲಿ ಕಲ್ಲುಗಳು ಎಲ್ಲಿಯವರೆಗೆ ಉರುಳುತ್ತವೆ ಎಂದು ನೋಡಿ ನಾನೇ ಇಟ್ಟುಕೊಂಡ ಲೆಕ್ಕ. ಅಂಗಳದ ಬಿರುಕಿನ ಎರಡೂ ಬದಿಗೆ ಗೂಟ ನೆಟ್ಟು ಅವುಗಳ ನಡುವಿನ ಅಂತರವನ್ನು ಬೆಳಿಗ್ಗೆ ಸಂಜೆ ಬರೆದಿಡುವ ವ್ಯವಸ್ಥೆ ಮಾಡಿದೆವು. ಬಿರುಕಿಗೆ ಟಾರ್ಪಾಲು ಹೊದಿಸಿ, ಮೇಲಿನಿಂದ ಹರಿದು ಬರುವ ನೀರನ್ನು ಮರಳಿನ ಚೀಲಗಳಿಂದ ಬದಿಯ ತೋಡಿಗೆ ತಿರುಗಿಸಿದೆವು.

ಅಷ್ಟರಲ್ಲಿ ಗುತ್ತಿಗೆದಾರರ ಜೆಸಿಬಿ ಬಂದು ಬಿದ್ದ ಮಣ್ಣನ್ನು ತೆಗೆಯಲು ಸಿದ್ಧವಾಗಿ ನಿಂತಿತ್ತು. ನಾನು ಬೇಡವೆಂದೆ. ಕುಸಿದು ಬಂದು ಬುಡದಲ್ಲಿ ನಿಂತ ಮಣ್ಣೇ ಆಗ ಹಿಂದಿನ ಧರೆಗೆ ಆಧಾರವಾಗಿರುತ್ತದೆ. ಮಳೆ ನಡುವೆ ಅದನ್ನು ತೆಗೆದರೆ ಧರೆ ಮತ್ತೆ ಜಾರುತ್ತದೆ, ಅದೂ ಕೆಳಗೆ ಯಂತ್ರ ಮತ್ತು ಜನ ಇರುವ ಹೊತ್ತಿಗೆ. ಮನೆಯವರಿಗೆ ಇದು ಒಪ್ಪಿಗೆಯಾಗಲಿಲ್ಲ. "ಅಡುಗೆಕೋಣೆಯೊಳಗಿನ ಮಣ್ಣನ್ನಾದರೂ ತೆಗೆಯಬೇಡವೇ ಸಾರ್?" ಎಂದು ಮನೆಯ ಯಜಮಾನರು ಕೇಳಿದಾಗ, ಅವರ ಕಷ್ಟ ಅರ್ಥವಾಗುತ್ತಿದ್ದರೂ, ಮಳೆ ಬಿಟ್ಟು ಗೂಟಗಳ ಅಂತರ ಬದಲಾಗದೆ ನಿಂತ ಮೇಲೆ ಪಾತ್ರೆಪಗಡಗಳನ್ನಷ್ಟೇ ಕೈಯಿಂದ ತೆಗೆಯಬಹುದು ಎಂದು ಹೇಳಬೇಕಾಯಿತು.

ಕಾರಣದ ವಿಷಯದಲ್ಲಿ ಎರಡು ವಾದಗಳು ಮೊದಲೇ ತಯಾರಾಗಿದ್ದವು. ಅಕ್ಕಪಕ್ಕದವರು ಮೇಲೆ ನಿಲ್ಲಿಸಿದ ಮಣ್ಣಿನ ಲಾರಿಯನ್ನು ದೂರುತ್ತಿದ್ದರು, ಕಟ್ಟಡದವರು ಅತಿವೃಷ್ಟಿ ಎನ್ನುತ್ತಿದ್ದರು. ಲಾರಿಯ ಚಕ್ರದ ಗುರುತುಗಳು ಗೋಡೆಯಿಂದ ಐದು ಮೀಟರ್ ಆಚೆಗಿದ್ದವು. ನಾಲ್ಕು ಮೀಟರ್ ಎತ್ತರದ ಗೋಡೆಯ ಮೇಲೆ ಒತ್ತುವ ಮಣ್ಣಿನ ಬೆಣೆ ಮೇಲ್ಮಟ್ಟದಲ್ಲಿ ಸುಮಾರು ಎರಡೂಕಾಲು ಮೀಟರ್ ಅಗಲವಿರುವುದರಿಂದ, ಆ ಭಾರ ಗೋಡೆಗೆ ತಟ್ಟಿರುವ ಸಾಧ್ಯತೆ ಕಡಿಮೆ. ಮಳೆಯ ವಾದವೂ ನನಗೆ ಒಪ್ಪಿಗೆಯಾಗಲಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿನಲ್ಲಿ ಗೋಡೆ ಕಟ್ಟುವವರು ಮಳೆಯನ್ನು ಅನಿರೀಕ್ಷಿತವೆಂದು ಬರೆಯಲಾಗದು.

ನಿಜವಾದ ಸುಳಿವು ಕೊಟ್ಟವರು ಕೆಳಗಿನ ಇನ್ನೊಂದು ಮನೆಯ ಹಿರಿಯ ಮಹಿಳೆ. ಹಿಂದಿನ ನೀರು ಹೊರಹೋಗಲೆಂದು ಗೋಡೆಯಲ್ಲಿ ಇಟ್ಟ ಕೊಳವೆಗಳ ತೂತುಗಳಿಂದ ನೀರು ಬರುತ್ತಿತ್ತೇ ಎಂದು ಕೇಳಿದೆ. "ಮಳೆ ಶುರುವಾದಾಗ ಒಳ್ಳೆ ನೀರೇ ಬರ್ತಿತ್ತು. ಆಮೇಲೆ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ ಬಂತು. ಕಡೆಗೆ ಬರುವುದೇ ನಿಂತಿತು. ಅಂಗಳ ಒಣಗಿತಲ್ಲ, ಒಳ್ಳೆಯದಾಯ್ತು ಅಂತ ನಾವು ಸುಮ್ಮನಾದೆವು" ಎಂದರು. ಯಾವ ಉಪಕರಣವೂ ಇಲ್ಲದ ಆ ಜಾಗದಲ್ಲಿ ಇದು ಗೋಡೆಯ ಹಿಂದಿನ ನೀರಿನ ದಾಖಲೆಯೇ ಆಗಿತ್ತು. ತಿಳಿನೀರು ಬರುವಾಗ ಗೋಡೆ ಉಸಿರಾಡುತ್ತಿದೆ ಎಂದರ್ಥ. ಬಿಳಿ ನೀರು ಬಂದರೆ ಶೇಡಿಯ ನುಣುಪು ಕಣಗಳು ಕೊಚ್ಚಿ ಬರುತ್ತಿವೆ. ಮಳೆ ಸುರಿಯುತ್ತಿರುವಾಗಲೇ ನೀರು ನಿಂತರೆ ಕೊಳವೆ ಮುಚ್ಚಿಕೊಂಡಿದೆ. ನಿಂತಿದ್ದ ಭಾಗದ ಒಂದು ಕೊಳವೆಗೆ ಕಬ್ಬಿಣದ ಸರಳು ತೂರಿಸಿ ಎಳೆದಾಗ ಬಿಳಿ ಜೇಡಿ ಗಟ್ಟಿಯಾಗಿ, ಕೊಳವೆಯ ಆಕಾರದಲ್ಲೇ ಹೊರಬಂತು. ಕುಸಿದ ಬದಿಯಲ್ಲಿ ನೋಡಿದರೆ ಕೊಳವೆಗಳ ಹಿಂದೆ ಜಲ್ಲಿಯ ಪದರವೇ ಇರಲಿಲ್ಲ, ಶೇಡಿ ನೇರವಾಗಿ ಅವುಗಳ ಬಾಯಿಗೆ ತಾಗಿತ್ತು.

ಮಣ್ಣಿನ ಗುಣವನ್ನು ಸ್ಥಳದಲ್ಲೇ ತೋರಿಸಲು ಒಂದು ಸುಲಭ ಪರೀಕ್ಷೆಯಿದೆ. ಹಿಂದಿನ ಧರೆಯಿಂದ ಒಣಗಿದ ಶೇಡಿಯ ಒಂದು ಹೆಂಟೆಯನ್ನೂ ಮುರಕಲ್ಲಿನ ಒಂದು ಚೂರನ್ನೂ ಎರಡು ಲೋಟ ನೀರಿನಲ್ಲಿ ಬಿಟ್ಟೆ. ಶೇಡಿಯ ಅಂಚುಗಳು ಉದುರುತ್ತ, ಕೆಲವೇ ನಿಮಿಷಗಳಲ್ಲಿ ಹೆಂಟೆ ತಳದಲ್ಲಿ ರಾಡಿಯಾಗಿ ಕುಳಿತಿತು. ಮುರಕಲ್ಲು ಹಾಗೆಯೇ ಇತ್ತು. ಇದು ವರದಿಗೆ ಸಾಲುವ ಸಾಕ್ಷ್ಯವಲ್ಲವಾದ್ದರಿಂದ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಕತ್ತರಿ ಬಲದ, ಅಂದರೆ ಮಣ್ಣು ಜಾರದಂತೆ ತಡೆಯುವ ಅದರದೇ ಬಲದ ಪರೀಕ್ಷೆಯನ್ನು ಮಣ್ಣು ಪೂರ್ತಿ ನೆನೆದ ಸ್ಥಿತಿಯಲ್ಲಿ ಮಾಡಬೇಕೆಂದು ಬರೆದು ಕೊಟ್ಟೆ. ಒಣ ಸ್ಥಿತಿಯಲ್ಲಿ ಮಾಡಿದರೆ ಸಿಗುವ ಬಲ ಮಳೆಗಾಲದಲ್ಲಿ ಇರುವುದೇ ಇಲ್ಲ.

ಗೋಡೆಯ ಲೆಕ್ಕವನ್ನು ಒಂದು ಮೀಟರ್ ಉದ್ದಕ್ಕೆ ಮಾಡಿದೆ. ಎತ್ತರ 4 ಮೀಟರ್, ಮೇಲೆ 0.6, ತಳದಲ್ಲಿ 1.8 ಮೀಟರ್ ದಪ್ಪ. ಹಿಂದೆ ನೀರಿಲ್ಲದಿದ್ದರೆ ಮಣ್ಣಿನ ಒತ್ತಡ ಸುಮಾರು 5 ಟನ್, ಜಾರದಂತೆ ತಡೆಯುವ ಬಲ ಸುಮಾರು 7 ಟನ್. ಅಂದರೆ ತಡೆಯುವ ಬಲ ಒತ್ತಡದ ಒಂದೂವರೆ ಪಟ್ಟಿರಬೇಕೆಂಬ ಸುರಕ್ಷತೆಗೆ ಗೋಡೆ ಮೊದಲಿನಿಂದಲೂ ತುಸು ಕಡಿಮೆಯಲ್ಲೇ ನಿಂತಿತ್ತು. ತುದಿಯವರೆಗೆ ನೀರು ನಿಂತರೆ ಒತ್ತಡ ಹತ್ತೂವರೆ ಟನ್ ಆಗುತ್ತದೆ. ಆದರೆ ಅಷ್ಟು ನೀರೂ ಬೇಕಾಗಿರಲಿಲ್ಲ, ತಳದಿಂದ ಎರಡೂವರೆ ಮೀಟರ್ ನೀರು ನಿಂತರೆ ಒತ್ತಡ 7 ಟನ್ ದಾಟುತ್ತದೆ. ನಿಂತ ಭಾಗದ ಕಲ್ಲುಸಂದುಗಳಲ್ಲಿ ಬಿಳಿ ಒಸರಿನ ಗುರುತು ತಳದಿಂದ ಸುಮಾರು 2.7 ಮೀಟರ್ ಎತ್ತರದವರೆಗೆ ಇತ್ತು. ತಳದ ಕೆಳಗಿನ ನೀರು ಗೋಡೆಯನ್ನು ಎತ್ತುವುದನ್ನಾಗಲಿ, ನೆನೆದ ಶೇಡಿಯ ಘರ್ಷಣೆ ಕುಗ್ಗುವುದನ್ನಾಗಲಿ ನಾನು ಇದರಲ್ಲಿ ಸೇರಿಸಿಲ್ಲ. ಸೇರಿಸಿದರೆ ಇನ್ನೂ ಕಡಿಮೆ ನೀರಿಗೇ ಗೋಡೆ ಜಾರುತ್ತದೆ. ಗೋಡೆ ಮಗುಚಿದ್ದಲ್ಲ, ಜಾರಿದ್ದು ಎಂಬುದಕ್ಕೆ ತಳದ ವರಸೆಯೇ ಸಾಕ್ಷಿಯಾಗಿತ್ತು. ಅದು ಒಂದು ಗೇಣಿನಷ್ಟು ಹೊರಕ್ಕೆ ಸರಿದಿತ್ತು, ಹಿಂದೆ ನೆಲದ ಮೇಲೆ ನುಣುಪಾದ ಬಿಳಿ ಜಾಡು ಉಳಿದಿತ್ತು.

ವರದಿಯಲ್ಲಿ ಪ್ರಕೃತಿ ವಿಕೋಪ ಎಂದು ಒಂದು ಸಾಲು ಸೇರಿಸಲು ಕೋರಿಕೆ ಬಂತು. ಅದರ ಬದಲು ಮೇಲಿನ ಲೆಕ್ಕವನ್ನೇ ಬರೆದೆ. ಗೋಡೆಯನ್ನು ಮಳೆಗಾಲ ಮುಗಿದ ಮೇಲೆ ಮತ್ತೆ ಕಟ್ಟಬೇಕು, ಹಿಂದೆ ಶೇಡಿಯ ಬದಲು ಮುರ ಮಣ್ಣು ತುಂಬಬೇಕು, ಗೋಡೆಗೆ ತಾಗಿ ಅರ್ಧ ಮೀಟರ್ ಜಲ್ಲಿ ಹಾಕಿ ಅದಕ್ಕೂ ಮಣ್ಣಿಗೂ ನಡುವೆ ಸೋಸುವ ಬಟ್ಟೆ ಹಾಸಬೇಕು, ಮೇಲ್ಭಾಗದಲ್ಲಿ ಕಾಂಕ್ರೀಟಿನ ಚರಂಡಿ ಬೇಕು ಎಂದು ಸೂಚಿಸಿದೆ. ಜಲ್ಲಿ ಮತ್ತು ಬಟ್ಟೆಯ ಖರ್ಚಿನ ಬಗ್ಗೆ ಚೌಕಾಶಿ ನಡೆಯಿತು, ಬದಲಿ ಮಣ್ಣಿನ ಬಗ್ಗೆ ಇನ್ನೂ ಹೆಚ್ಚು. ಕೆಳಗಿನ ಎರಡು ಕುಟುಂಬಗಳ ಬಾಡಿಗೆಯನ್ನು ಅಲ್ಲಿಯವರೆಗೆ ಕಟ್ಟಡದವರು ಭರಿಸಬೇಕೆಂಬುದನ್ನು ಪರಿಹಾರದ ಪಟ್ಟಿಗೆ ಬಿಡದೆ, ಸುರಕ್ಷತೆಯ ಷರತ್ತುಗಳಲ್ಲೇ ಸೇರಿಸಿದೆ. ಬಾಡಿಗೆ ನಿಂತರೆ ಜನ ಹಳೆಯ ಮನೆಗೇ ಮರಳುತ್ತಾರೆ, ಆಗ ಗೂಟಗಳ ಅಳತೆ ನೋಡುವವರು ಯಾರೂ ಇರುವುದಿಲ್ಲ.