35 ಪರ್ಸೆಂಟ್ ಬಿಟ್ಟು 21 ಯಾಕೆ?

ಗಂಗಾವತಿ ಕಡೆ ರೈಸ್ ಮಿಲ್‌ಗಳಿಗೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವುದು ನನ್ನ ಕೆಲಸ. ಬ್ಯಾಂಕಿನವರು ಮೊದಲು ನೋಡುವ ಅಂಕಿಗಳಲ್ಲಿ ಐಆರ್‌ಆರ್ ಒಂದು, ಹಾಗಾಗಿ ಮಾಲೀಕರಿಗೂ ಅದೇ ಬಾಯಲ್ಲಿ. ಹಾಕಿದ ದುಡ್ಡು ಅಲ್ಲಿ ಇರುವಷ್ಟು ದಿನ ವರ್ಷಕ್ಕೆ ಎಷ್ಟು ಪರ್ಸೆಂಟ್ ದುಡಿಯಿತು ಅನ್ನೋದನ್ನು ಅದು ಹೇಳುತ್ತದೆ. ಎಷ್ಟು ದುಡ್ಡು ದುಡಿಯಿತು ಅನ್ನೋದನ್ನು ಹೇಳುವುದಿಲ್ಲ. ನನಗೆ ಇದು ಸರಿಯಾಗಿ ಅರ್ಥವಾಗಿದ್ದು ಒಂದು ಮಿಲ್ಲಿನ ಲೆಕ್ಕ ಮಾಡುವಾಗ.

ಮಾಲೀಕರ ಮುಂದೆ ಎರಡು ದಾರಿ ಇತ್ತು. ಒಂದು, ಇರುವ ಮಿಲ್ಲಿಗೆ ಒಂದು ಕಲರ್ ಸಾರ್ಟರ್ ಮಾತ್ರ ಕೂರಿಸುವುದು. ಖರ್ಚು 20 ಲಕ್ಷ, ಕಪ್ಪು ಕಾಳು ಬೇರೆಯಾಗಿ ಅಕ್ಕಿಗೆ ರೇಟು ಸಿಗುವುದರಿಂದ ವರ್ಷಕ್ಕೆ 9 ಲಕ್ಷ ಜಾಸ್ತಿ ಉಳಿತಾಯ. ಇನ್ನೊಂದು, ಡ್ರೈಯರ್‌ನಿಂದ ಸಾರ್ಟರ್‌ವರೆಗೆ ಇಡೀ ಲೈನ್ ಹೊಸದು ಮಾಡುವುದು. ಖರ್ಚು 1 ಕೋಟಿ, ಉಳಿತಾಯ ವರ್ಷಕ್ಕೆ 34 ಲಕ್ಷ. ಎರಡನ್ನೂ 5 ವರ್ಷಕ್ಕೆ ಹಿಡಿದೆವು, ಕೊನೆಗೆ ಗುಜರಿ ಬೆಲೆ ಸೊನ್ನೆ. ಟ್ಯಾಕ್ಸ್ ಸದ್ಯಕ್ಕೆ ಪಕ್ಕಕ್ಕಿಟ್ಟೆವು.

ಐಆರ್‌ಆರ್ ಬಂದಿದ್ದು ಸಾರ್ಟರ್‌ಗೆ ಸುಮಾರು 35 ಪರ್ಸೆಂಟ್, ಹೊಸ ಲೈನಿಗೆ ಸುಮಾರು 21. ಮಾಲೀಕರು ಶೀಟು ನೋಡಿ, "ಮೂವತ್ತೈದು ಬಿಟ್ಟು ಇಪ್ಪತ್ತೊಂದಕ್ಕೆ ಯಾಕ್ರೀ ಹೋಗ್ಬೇಕು?" ಅಂದರು. ನಾನು ತಿರುಗಿ ಕೇಳಿದೆ, "ಸಾವಕಾರ್ರೇ, ಸಾರ್ಟರ್ ಮಾತ್ರ ತಗೊಂಡ್ರೆ ಉಳಿದ 80 ಲಕ್ಷ ಏನ್ಮಾಡ್ತೀರಿ?"

"ಓಡಿ ಸಾಲಕ್ಕೆ ಕಟ್ತೀನಿ."

ಅವರ ಓಡಿ, ಅಂದರೆ ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲದ ಬಡ್ಡಿ 12 ಪರ್ಸೆಂಟ್. ಅಂದರೆ 20 ಲಕ್ಷ ಮಾತ್ರ 35 ಪರ್ಸೆಂಟ್ ದುಡಿಯುತ್ತದೆ, 80 ಲಕ್ಷ 12ರಲ್ಲೇ ಕೂರುತ್ತದೆ. ಐಆರ್‌ಆರ್ ಶೀಟಿನಲ್ಲಿ ಆ 80 ಲಕ್ಷ ಕಾಣುವುದೇ ಇಲ್ಲ, ಅಲ್ವಾ? ಅದಕ್ಕೇ ಅದೇ 12 ಪರ್ಸೆಂಟ್ ಹಿಡಿದು ಎನ್‌ಪಿವಿ ತೆಗೆದೆ, ಅಂದರೆ ಮುಂದೆ ಬರುವ ದುಡ್ಡನ್ನೆಲ್ಲ ಇವತ್ತಿನ ಬೆಲೆಗೆ ಇಳಿಸಿ, ಹಾಕಿದ ದುಡ್ಡು ಕಳೆದೆ. ಸಾರ್ಟರ್‌ಗೆ 12.4 ಲಕ್ಷ ಬಂತು. ಹೊಸ ಲೈನಿಗೆ 22.6 ಲಕ್ಷ.

ಎಕ್ಸೆಲ್‌ನಲ್ಲಿ ಇಲ್ಲಿ ತುಂಬಾ ಜನ ಎಡವುತ್ತಾರೆ. ಅದರ NPV ಫಂಕ್ಷನ್ ಮೊದಲ ಸೆಲ್ಲಿನ ದುಡ್ಡನ್ನೂ ಒಂದು ವರ್ಷದ ನಂತರದ್ದು ಅಂತ ಹಿಡಿಯುತ್ತದೆ. ಹೂಡಿಕೆ B1ರಲ್ಲಿ ಮೈನಸ್ ಹಾಕಿ ಇದ್ದರೆ ಅದನ್ನು ಹೊರಗೆ ಸೇರಿಸಬೇಕು:

```
=NPV(12%,B2:B6)+B1
=IRR(B1:B6)
```

B1ನ್ನೂ ಒಳಗೇ ಹಾಕಿದ್ದರೆ ಹೊಸ ಲೈನಿಗೆ 22.6 ಬದಲು 20.1 ತೋರಿಸುತ್ತಿತ್ತು.

ಮಾಲೀಕರಿಗೆ ಪರ್ಸೆಂಟ್ ಭಾಷೆಯೇ ಬೇಕಿತ್ತು, ಅದಕ್ಕೆ ಇನ್ನೊಂದು ಲೆಕ್ಕ ಮಾಡಿದೆ. ಎರಡರ ನಡುವಿನ ವ್ಯತ್ಯಾಸವನ್ನೇ ಒಂದು ಬೇರೆ ಪ್ರಾಜೆಕ್ಟ್ ಅಂದುಕೊಳ್ಳಿ: ಹೆಚ್ಚುವರಿ 80 ಲಕ್ಷ ಹಾಕಿದರೆ ವರ್ಷಕ್ಕೆ ಹೆಚ್ಚುವರಿ 25 ಲಕ್ಷ. ಇದರ ಐಆರ್‌ಆರ್ 17 ಪರ್ಸೆಂಟ್. ಹೋಲಿಸಬೇಕಾದದ್ದು ಈ 17 ಮತ್ತು ಓಡಿಯ 12, ಸುಮ್ನೆ 35 ಮತ್ತು 21 ಅಲ್ಲ. ಈ 17ಕ್ಕೆ ಇನ್ನೊಂದು ಅರ್ಥವೂ ಇದೆ. ಆ 80 ಲಕ್ಷವನ್ನು 17ಕ್ಕಿಂತ ಜಾಸ್ತಿ ದುಡಿಸುವ ಬೇರೆ ಜಾಗ ನಿಜವಾಗಿ ಇದ್ದಿದ್ದರೆ, ಸಾರ್ಟರ್ ಮಾತ್ರ ತಗೊಳ್ಳುವುದೇ ಸರಿ ಆಗುತ್ತಿತ್ತು. ಅವರಿಗೆ ಅಂಥದ್ದು ಇರಲಿಲ್ಲ.

ಆಮೇಲೆ ಒಬ್ಬ ಸ್ನೇಹಿತರು ಎಂಐಆರ್‌ಆರ್ ಹಾಕಿ ನೋಡಿ, ಸರಿಹೋಗುತ್ತೆ ಅಂದರು. ಅದರಲ್ಲಿ ವರ್ಷ ವರ್ಷ ಬರುವ ದುಡ್ಡು ಐಆರ್‌ಆರ್ ದರದಲ್ಲಿ ಬೆಳೆಯದೆ ನಾವು ಕೊಟ್ಟ 12ರಲ್ಲೇ ಬೆಳೆಯುತ್ತದೆ. ಹಾಕಿದೆ. ಸಾರ್ಟರ್ 23.4, ಲೈನ್ 16.7. ಅಂತರ ಕಮ್ಮಿಯಾಯಿತು, ಯಾವುದು ಮುಂದೆ ಅನ್ನೋದು ಬದಲಾಗಲಿಲ್ಲ. ಯಾಕಂದರೆ ಇಲ್ಲಿನ ತೊಂದರೆ ಮರುಹೂಡಿಕೆಯದ್ದಲ್ಲ, ಗಾತ್ರದ್ದು. ಯಾವ ಪರ್ಸೆಂಟ್ ಆದರೂ 20 ಲಕ್ಷವನ್ನೂ 1 ಕೋಟಿಯನ್ನೂ ಒಂದೇ ಅಂತ ನೋಡುತ್ತದೆ.

ಎನ್‌ಪಿವಿ ದೊಡ್ಡದು ಅಂತ ಅಲ್ಲಿಗೇ ಸಹಿ ಹಾಕಿಸಲಿಲ್ಲ. ಅದು ನಿಂತಿರುವುದು 34 ಲಕ್ಷ ಅನ್ನುವ ಅಂದಾಜಿನ ಮೇಲೆ. ಸಾರ್ಟರ್‌ನ 9 ಲಕ್ಷ ಹಾಗೇ ಇಟ್ಟು ಅದನ್ನು ಮಾತ್ರ ಇಳಿಸುತ್ತಾ ಹೋದೆ. 31.2 ಲಕ್ಷಕ್ಕೆ ಬಂದಾಗ ಎರಡೂ ಸಮ, ಅದಕ್ಕಿಂತ ಕೆಳಗೆ ಸಾರ್ಟರ್ ಗೆಲ್ಲುತ್ತದೆ. ಅಂದರೆ ನೂರಕ್ಕೆ ಎಂಟರಷ್ಟು ಕಮ್ಮಿಯಾದರೆ ಸಾಕು. ಹಾಗಾಗಿ ಹಳೇ ಮೂರು ವರ್ಷದ ಕರೆಂಟ್ ಬಿಲ್ ತರಿಸಿ, ಭತ್ತ ಸಿಗದೆ ಮಿಲ್ಲು ನಿಂತ ದಿನಗಳು ಎಷ್ಟು ಅಂತ ತಿಂಗಳು ತಿಂಗಳು ಕೂತು ಎಣಿಸಿದೆವು. ನಾವು ಅಂದಾಜಿಗೆ ಹಿಡಿದಿದ್ದಕ್ಕಿಂತ ಅವು ಕಮ್ಮಿ ಇದ್ದವು. ಆಮೇಲೆ ಮಾಲೀಕರು ಲೈನಿಗೆ ಅಡ್ವಾನ್ಸ್ ಕೊಟ್ಟರು.